ಖಾತೆಯಲ್ಲಿ ಹಣ ಕಡಿಮೆಯಾಗಿದೆ ಎಂಬ ಸೂಚನೆ: ಹೆದರಬೇಕಾಗಿಲ್ಲ, ಕಡೆಗಣಿಸುವಂತೆಯೂ ಇಲ್ಲ

ಮುಂಬಯಿ: ಉಳಿತಾಯ ಖಾತೆಯಲ್ಲಿ ಇರಬೇಕಾದಷ್ಟು ಹಣ ಇಲ್ಲ ಎಂದು ಬ್ಯಾಂಕಿನಿಂದ ಬರುವ ಎರಡು ಸಾಲಿನ ಸಂದೇಶ ಅನೇಕ ಮನೆಗಳಲ್ಲಿ ಆತಂಕ ಹುಟ್ಟಿಸುತ್ತದೆ. ಕೆಲವರು ಖಾತೆಯನ್ನೇ ಮುಚ್ಚಿಬಿಡುತ್ತಾರೆ, ಇನ್ನು ಕೆಲವರು ಕೈಗಡ ತಂದು ಹಣ ಕಟ್ಟುತ್ತಾರೆ. ಬಹಳಷ್ಟು ಮಂದಿ ಅರ್ಥವಾಗದ ಸಂದೇಶವನ್ನು ಅಳಿಸಿಹಾಕಿ ಸುಮ್ಮನಾಗುತ್ತಾರೆ. ಆದರೆ ನಿಯಮದ ಪ್ರಕಾರ ಈ ಸೂಚನೆ ಬರುವುದು ಹಣ ಮುರಿದುಕೊಂಡ ಮೇಲಲ್ಲ, ಮುರಿದುಕೊಳ್ಳುವ ಮೊದಲು. ಗ್ರಾಹಕರಿಗೆ ಸರಿಪಡಿಸಿಕೊಳ್ಳಲು ಒಂದು ತಿಂಗಳ ಕಾಲಾವಕಾಶ ಕೊಡುವುದಕ್ಕಾಗಿಯೇ ಅದು ಇರುವುದು. ಸೂಚನೆಯ ಭಾಷೆ ಈ ಒಂದು ಮಾತನ್ನೇ ಮರೆಮಾಡಿದರೆ ಅದು ಇದ್ದೂ ಇಲ್ಲದಂತೆ.

ಹೊರನಾಡ ಕನ್ನಡಿಗರಿಗೆ ಈ ತೊಡಕು ಸ್ವಲ್ಪ ಹೆಚ್ಚೇ. ಮುಂಬಯಿಯ ಬ್ಯಾಂಕ್ ಶಾಖೆಗಳಲ್ಲಿ ಫಲಕಗಳು, ಅರ್ಜಿಗಳು ಮರಾಠಿ, ಹಿಂದಿ ಹಾಗೂ ಇಂಗ್ಲಿಷಿನಲ್ಲಿ ಇರುತ್ತವೆ. ಚೆನ್ನೈಯಲ್ಲಿ ತಮಿಳು, ಹೈದರಾಬಾದಿನಲ್ಲಿ ತೆಲುಗು. ಊರಿನಿಂದ ಬಂದು ಮಗನ ಮನೆಯಲ್ಲಿ ಇರುವ ತಾಯಿಗೋ, ಹೊಟೇಲಿನಲ್ಲಿ ದುಡಿಯುವ ಹುಡುಗನಿಗೋ ಬ್ಯಾಂಕಿನ ಭಾಷೆ ಎರಡು ಬಗೆಯಲ್ಲಿ ಪರಕೀಯ. ಹೀಗಾಗಿ ಸಂಘದ ಕಚೇರಿಗೆ ಮೊಬೈಲು ಹಿಡಿದುಕೊಂಡು ಬಂದು ‘ಇದರಲ್ಲಿ ಏನು ಬರೆದಿದೆ ನೋಡಿ’ ಎಂದು ಕೇಳುವವರಿಗೆ ಏನು ಹೇಳಬೇಕು, ಹೇಗೆ ಹೇಳಬೇಕು ಎಂಬುದು ಪ್ರತಿಯೊಂದು ಸಂಘದ ಪದಾಧಿಕಾರಿಗಳೂ ಯೋಚಿಸಬೇಕಾದ ವಿಷಯ.

ಈಗ ಯಾರಿಗೆ ಅನ್ವಯ?

ಮೊದಲು ತಿಳಿಯಬೇಕಾದದ್ದು, ಈ ಶುಲ್ಕ ಈಗ ಎಲ್ಲ ಬ್ಯಾಂಕುಗಳಲ್ಲಿಯೂ ಇಲ್ಲ. ಭಾರತೀಯ ಸ್ಟೇಟ್ ಬ್ಯಾಂಕ್ 2017ರ ಏಪ್ರಿಲಿನಲ್ಲಿ ಇದನ್ನು ಮತ್ತೆ ಜಾರಿಗೆ ತಂದು, ಟೀಕೆಗಳ ನಂತರ ಹಂತ ಹಂತವಾಗಿ ಇಳಿಸಿ, 2020ರ ಮಾರ್ಚಿನಲ್ಲಿ ಉಳಿತಾಯ ಖಾತೆಗಳಿಗೆ ಪೂರ್ತಿಯಾಗಿ ಕೈಬಿಟ್ಟಿತು. ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ತನ್ನ ಎಲ್ಲ ಉಳಿತಾಯ ಖಾತೆಗಳಿಗೆ ಈ ಶುಲ್ಕವನ್ನು ತೆಗೆದುಹಾಕಿತು. ಬ್ಯಾಂಕ್ ಆಫ್ ಬರೋಡಾ ಮತ್ತು ಯೂನಿಯನ್ ಬ್ಯಾಂಕ್ ಕೂಡ ಅದೇ ವರ್ಷ ಸಾಮಾನ್ಯ ಉಳಿತಾಯ ಖಾತೆಗಳಿಗೆ ವಿನಾಯಿತಿ ಘೋಷಿಸಿದವು.

ಕರಾವಳಿ ಮೂಲದವರಿಗೆ ಇದರಲ್ಲಿ ಒಂದು ವಿಶೇಷವಿದೆ. ಸಿಂಡಿಕೇಟ್ ಬ್ಯಾಂಕಿನ ಹಳೆಯ ಖಾತೆಗಳು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿಗೆ, ಕಾರ್ಪೊರೇಶನ್ ಬ್ಯಾಂಕಿನವು ಅದೇ ದಿನ ಯೂನಿಯನ್ ಬ್ಯಾಂಕಿಗೆ, ವಿಜಯಾ ಬ್ಯಾಂಕಿನವು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿವೆ. ಅಂದರೆ ಊರಿನಲ್ಲಿ ಅಥವಾ ಇಲ್ಲಿನ ಹಳೆಯ ಶಾಖೆಯಲ್ಲಿ ತೆರೆದ ಸಾಮಾನ್ಯ ಉಳಿತಾಯ ಖಾತೆ ಈ ಮೂರರಲ್ಲಿ ಒಂದರದ್ದಾದರೆ, ಶುಲ್ಕದ ಚಿಂತೆ ಈಗ ಬಹುಮಟ್ಟಿಗೆ ಇಲ್ಲ.

ಖಾಸಗಿ ಬ್ಯಾಂಕುಗಳ ಸ್ಥಿತಿ ಬೇರೆ. ಕನಿಷ್ಠ ಮೊತ್ತ ಎಷ್ಟು ಎಂಬುದನ್ನು ಗೊತ್ತುಮಾಡುವ ಸ್ವಾತಂತ್ರ್ಯವನ್ನು ರಿಸರ್ವ್ ಬ್ಯಾಂಕ್ ಆಯಾ ಬ್ಯಾಂಕುಗಳಿಗೇ ಬಿಟ್ಟಿದೆ. 2025ರ ಆಗಸ್ಟಿನಲ್ಲಿ ಐಸಿಐಸಿಐ ಬ್ಯಾಂಕ್ ಮಹಾನಗರಗಳ ಹೊಸ ಖಾತೆಗಳಿಗೆ ಸರಾಸರಿ 50,000 ರೂಪಾಯಿ ಇರಬೇಕೆಂದು ಪ್ರಕಟಿಸಿ, ಭಾರೀ ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು 15,000 ರೂಪಾಯಿಗೆ ಇಳಿಸಿದ್ದು ಓದುಗರಿಗೆ ನೆನಪಿರಬಹುದು. ಮೊತ್ತವು ಶಾಖೆ ಇರುವ ಸ್ಥಳವನ್ನೂ ಅವಲಂಬಿಸಿರುತ್ತದೆ. ಹಳ್ಳಿಯ ಶಾಖೆಗೆ ಕಡಿಮೆ, ಮಹಾನಗರದ ಶಾಖೆಗೆ ಹೆಚ್ಚು. ಊರಿನ ಖಾತೆಯನ್ನು ಮುಂಬಯಿ ಶಾಖೆಗೆ ವರ್ಗಾಯಿಸಿಕೊಂಡವರಿಗೆ ಏಕಾಏಕಿ ಸೂಚನೆ ಬರಲು ಇದೂ ಒಂದು ಕಾರಣವಾಗಬಹುದು.

ಇನ್ನೊಂದು ಸಾಮಾನ್ಯ ಕಾರಣ ಸಂಬಳದ ಖಾತೆ. ಕೆಲಸಕ್ಕೆ ಸೇರಿದಾಗ ಕಂಪೆನಿಯ ಮೂಲಕ ತೆರೆದ ಖಾತೆಗೆ ಕನಿಷ್ಠ ಮೊತ್ತದ ಷರತ್ತು ಇರುವುದಿಲ್ಲ. ಕೆಲಸ ಬಿಟ್ಟು ಕೆಲವು ತಿಂಗಳು ಸಂಬಳ ಜಮಾ ಆಗದಿದ್ದರೆ ಬ್ಯಾಂಕು ಅದನ್ನು ಸಾಧಾರಣ ಉಳಿತಾಯ ಖಾತೆಯಾಗಿ ಬದಲಿಸುತ್ತದೆ. ‘ನನ್ನದು ಸೊನ್ನೆ ಬ್ಯಾಲೆನ್ಸ್ ಖಾತೆ’ ಎಂದು ನಂಬಿಕೊಂಡಿದ್ದವರಿಗೆ ಆಗ ಸೂಚನೆ ಬಂದರೆ ಮೋಸ ಹೋದಂತೆ ಅನಿಸುವುದು ಸಹಜ.

ನಿಯಮ ಏನು ಹೇಳುತ್ತದೆ?

ರಿಸರ್ವ್ ಬ್ಯಾಂಕ್ 2014ರ ನವೆಂಬರ್ 20ರಂದು ವಾಣಿಜ್ಯ ಬ್ಯಾಂಕುಗಳಿಗೆ ಹೊರಡಿಸಿದ, 2015ರ ಏಪ್ರಿಲ್ 1ರಿಂದ ಜಾರಿಗೆ ಬಂದ ಸುತ್ತೋಲೆಯಿಂದ ಬಂದ ನಿಯಮವೇ ಈ ವಿಷಯದಲ್ಲಿ ಗ್ರಾಹಕರ ಆಸರೆ. ಅದು ಉಳಿತಾಯ ಖಾತೆಗಳಿಗೆ ಸಂಬಂಧಿಸಿದ್ದು. ಅಂಗಡಿ, ಹೊಟೇಲುಗಳ ಚಾಲ್ತಿ ಖಾತೆಗೆ ಅದು ಅನ್ವಯಿಸುವುದಿಲ್ಲ. ಸಹಕಾರಿ ಬ್ಯಾಂಕಿನಲ್ಲಿ ಖಾತೆ ಇರುವವರು ತಮ್ಮ ಶಾಖೆಯ ನಿಯಮವನ್ನು ಅಲ್ಲಿಯೇ ಕೇಳಿ ತಿಳಿದುಕೊಳ್ಳಬೇಕು.

ಸುತ್ತೋಲೆಯ ಮುಖ್ಯ ಅಂಶಗಳು ಮೂರು. ಒಂದು, ಖಾತೆಯಲ್ಲಿ ಹಣ ಕಡಿಮೆಯಾದರೆ ಬ್ಯಾಂಕು ಅದನ್ನು ಎಸ್ಸೆಮ್ಮೆಸ್, ಇಮೇಲ್ ಅಥವಾ ಪತ್ರದ ಮೂಲಕ ಸ್ಪಷ್ಟವಾಗಿ ತಿಳಿಸಬೇಕು, ಸೂಚನೆಯ ದಿನದಿಂದ ಕಡಿಮೆಯೆಂದರೂ ಒಂದು ತಿಂಗಳು ಕಾಯಬೇಕು. ಆ ಬಳಿಕವೂ ಸರಿಯಾಗದಿದ್ದರೆ ಮಾತ್ರ, ತಿಳಿಸಿಯೇ ಶುಲ್ಕ ತೆಗೆದುಕೊಳ್ಳಬಹುದು. ಎರಡು, ಶುಲ್ಕವು ಎಷ್ಟು ಕಡಿಮೆಯಾಗಿದೆಯೋ ಅದಕ್ಕೆ ತಕ್ಕಂತೆ ಇರಬೇಕು. ನೂರು ರೂಪಾಯಿ ಕಡಿಮೆ ಇದ್ದವರಿಗೂ ಒಂಬತ್ತು ಸಾವಿರ ಕಡಿಮೆ ಇದ್ದವರಿಗೂ ಒಂದೇ ದರ ಹಾಕುವಂತಿಲ್ಲ. ಮೂರು, ಈ ಶುಲ್ಕವೊಂದರಿಂದಲೇ ಉಳಿತಾಯ ಖಾತೆ ಸೊನ್ನೆಗಿಂತ ಕೆಳಗೆ, ಅಂದರೆ ಮೈನಸ್ಸಿಗೆ ಹೋಗಬಾರದು. ಇದಲ್ಲದೆ, ಬಹುಕಾಲ ವ್ಯವಹಾರವಿಲ್ಲದೆ ನಿಷ್ಕ್ರಿಯವಾದ ಖಾತೆಗೆ ಕನಿಷ್ಠ ಮೊತ್ತದ ಶುಲ್ಕ ಹಾಕಬಾರದೆಂದು 2014ರ ಮೇ ತಿಂಗಳಲ್ಲಿಯೇ ಆದೇಶವಾಗಿದೆ.

ಲೆಕ್ಕ ಹೇಗೆ?

ಗೊಂದಲದ ಮೂಲ ಇರುವುದು ‘ಸರಾಸರಿ’ ಎಂಬ ಪದದಲ್ಲಿ. ಹೆಚ್ಚಿನ ಬ್ಯಾಂಕುಗಳು ಯಾವುದೋ ಒಂದು ದಿನದ ಹಣವನ್ನು ನೋಡುವುದಿಲ್ಲ. ತಿಂಗಳ ಪ್ರತಿದಿನದ ಕೊನೆಗೆ ಖಾತೆಯಲ್ಲಿ ಉಳಿದ ಹಣವನ್ನೆಲ್ಲ ಕೂಡಿಸಿ, ದಿನಗಳ ಸಂಖ್ಯೆಯಿಂದ ಭಾಗಿಸುತ್ತವೆ.

ಉದಾಹರಣೆಗೆ, ಉಪನಗರದ ಹೊಟೇಲೊಂದರಲ್ಲಿ 22,000 ರೂಪಾಯಿ ಸಂಬಳದ ಒಬ್ಬ ನೌಕರನನ್ನು ಊಹಿಸಿಕೊಳ್ಳೋಣ. ಅವನ ಖಾತೆಯಲ್ಲಿ ಸರಾಸರಿ 10,000 ರೂಪಾಯಿ ಇರಬೇಕು. ಕಡಿಮೆಯಾದರೆ ಕೊರತೆಯ ಶೇಕಡಾ 6, ಆದರೆ 600 ರೂಪಾಯಿಗಿಂತ ಹೆಚ್ಚಿಲ್ಲ ಎಂಬುದು ಬ್ಯಾಂಕಿನ ದರ ಎಂದಿಟ್ಟುಕೊಳ್ಳೋಣ. ಏಪ್ರಿಲ್ 1ರಿಂದ 6ರವರೆಗೆ ಖಾತೆಯಲ್ಲಿ ಇದ್ದದ್ದು 1,500 ರೂಪಾಯಿ. 7ರಂದು ಸಂಬಳ ಬಂದು 23,500 ಆಯಿತು. 9ರಂದು ಊರಿಗೆ 15,000 ಕಳುಹಿಸಿದ, 8,500 ಉಳಿಯಿತು. 16ರಂದು ಖೋಲಿಯ ಬಾಡಿಗೆ 6,000 ಕೊಟ್ಟ. ತಿಂಗಳ ಕೊನೆಯವರೆಗೂ 2,500 ಹಾಗೆಯೇ ಉಳಿಯಿತು.

ಮೊದಲ ಆರು ದಿನಕ್ಕೆ 9,000, ಮುಂದಿನ ಎರಡು ದಿನಕ್ಕೆ 47,000, ನಂತರದ ಏಳು ದಿನಕ್ಕೆ 59,500, ಕೊನೆಯ ಹದಿನೈದು ದಿನಕ್ಕೆ 37,500. ಒಟ್ಟು 1,53,000. ಮೂವತ್ತರಿಂದ ಭಾಗಿಸಿದರೆ ಸರಾಸರಿ 5,100 ರೂಪಾಯಿ. ಕೊರತೆ 4,900. ಅದರ ಶೇಕಡಾ 6 ಎಂದರೆ 294 ರೂಪಾಯಿ. ಅದರ ಮೇಲೆ ಶೇಕಡಾ 18 ಜಿಎಸ್‌ಟಿ 52 ರೂಪಾಯಿ 92 ಪೈಸೆ. ಒಟ್ಟು ಹೋಗಬಹುದಾದದ್ದು 346 ರೂಪಾಯಿ 92 ಪೈಸೆ.

ಇದರಿಂದ ಎರಡು ವಿಷಯ ಸ್ಪಷ್ಟವಾಗುತ್ತವೆ. ಖಾತೆಯಲ್ಲಿ ಒಮ್ಮೆ 23,500 ಇದ್ದದ್ದು ಅವನನ್ನು ಕಾಪಾಡಲಿಲ್ಲ, ಏಕೆಂದರೆ ಅದು ಇದ್ದದ್ದು ಎರಡೇ ದಿನ. ಹಾಗೆಯೇ, ಕೊನೆಯ ದಿನ ಅಂದರೆ 30ರಂದು ಓಡಿಹೋಗಿ 7,500 ಕಟ್ಟಿ ಖಾತೆಯನ್ನು 10,000ಕ್ಕೆ ತಂದಿದ್ದರೂ ಸರಾಸರಿ 5,100ರಿಂದ 5,350ಕ್ಕೆ ಏರುತ್ತಿತ್ತು ಅಷ್ಟೇ. ಶುಲ್ಕದಲ್ಲಿ ಉಳಿಯುತ್ತಿದ್ದದ್ದು ಬರೀ 15 ರೂಪಾಯಿ. ಸೂಚನೆ ನೋಡಿ ಗಾಬರಿಯಿಂದ ಕೈಗಡ ತಂದು ಕಟ್ಟುವವರು ಈ ಲೆಕ್ಕವನ್ನು ಮೊದಲು ಮಾಡಿ ನೋಡಬೇಕು. ಸಾಲದ ಬಡ್ಡಿ ಶುಲ್ಕಕ್ಕಿಂತ ಹೆಚ್ಚಾದರೆ ಆ ಓಟದಿಂದ ಪ್ರಯೋಜನವೇನು?

ಸೂಚನೆಯ ಭಾಷೆ

ಬ್ಯಾಂಕಿನ ಮಾದರಿಯ ಸೂಚನೆಯನ್ನು ಅಕ್ಷರಶಃ ಕನ್ನಡಕ್ಕೆ ತಂದರೆ ಅದು ಹೆಚ್ಚು ಕಡಿಮೆ ಹೀಗಿರುತ್ತದೆ:

‘ತಮ್ಮ ಖಾತೆಯಲ್ಲಿ ನಿಗದಿತ ಸರಾಸರಿ ಮಾಸಿಕ ಶಿಲ್ಕನ್ನು ಕಾಯ್ದುಕೊಳ್ಳದಿರುವುದು ಗಮನಕ್ಕೆ ಬಂದಿರುತ್ತದೆ. ಸದರಿ ಕೊರತೆಯನ್ನು ಭರ್ತಿ ಮಾಡದಿದ್ದಲ್ಲಿ ನಿಯಮಾನುಸಾರ ದಂಡ ಹಾಗೂ ಅನ್ವಯವಾಗುವ ತೆರಿಗೆಗಳನ್ನು ವಸೂಲು ಮಾಡಲಾಗುವುದು.’

ಇದರಲ್ಲಿ ಸುಳ್ಳು ಏನೂ ಇಲ್ಲ. ಆದರೆ ಓದುವವರಿಗೆ ಬೇಕಾದದ್ದೂ ಏನೂ ಇಲ್ಲ. ಎಷ್ಟು ಇರಬೇಕಿತ್ತು, ಎಷ್ಟು ಇತ್ತು, ಯಾವ ದಿನದವರೆಗೆ ಸಮಯವಿದೆ, ಎಷ್ಟು ಹೋಗುತ್ತದೆ ಎಂಬ ನಾಲ್ಕು ಪ್ರಶ್ನೆಗಳಿಗೂ ಉತ್ತರವಿಲ್ಲ. ಉಳಿಯುವುದು ಎರಡು ಪದಗಳು ಮಾತ್ರ: ದಂಡ ಮತ್ತು ವಸೂಲು. ಕನ್ನಡದಲ್ಲಿ ದಂಡ ಎಂದರೆ ತಪ್ಪು ಮಾಡಿದವನು ಕೋರ್ಟಿನಲ್ಲಿ ಕಟ್ಟುವುದು. ವಸೂಲು ಎಂದರೆ ಸಾಲದವರು ಮನೆ ಬಾಗಿಲಿಗೆ ಬರುವುದು. ಸಾಲವನ್ನೇ ಮಾಡದ, ತಪ್ಪನ್ನೂ ಮಾಡದ ಹಿರಿಯರಿಗೆ ಈ ಪದಗಳು ನಿದ್ದೆಗೆಡಿಸಿದರೆ ಆಶ್ಚರ್ಯವಿಲ್ಲ.

ಇದರ ವಿರುದ್ಧ ದಿಕ್ಕಿನ ತಪ್ಪೂ ಇದೆ. ಹೆದರಿಸಬಾರದೆಂದು ಸೂಚನೆಯನ್ನು ತೀರಾ ಸಿಹಿ ಮಾಡಿ ‘ತಮ್ಮ ಖಾತೆಯ ಪೂರ್ಣ ಪ್ರಯೋಜನ ಪಡೆಯಲು ಸಾಕಷ್ಟು ಹಣ ಇರಿಸಿಕೊಳ್ಳಿ’ ಎಂದು ಬರೆದರೆ ಅದು ಜಾಹೀರಾತಿನಂತೆ ಕಾಣುತ್ತದೆ. ಓದಿದವರು ಪಕ್ಕಕ್ಕಿಡುತ್ತಾರೆ, ಮುಂದಿನ ತಿಂಗಳು ಹಣ ಹೋದಾಗ ‘ನಮಗೆ ಯಾರೂ ಹೇಳಲಿಲ್ಲ’ ಎನ್ನುತ್ತಾರೆ. ಅವರು ಹೇಳುವುದೂ ನಿಜವೇ. ಶುಲ್ಕದ ಮೊತ್ತವನ್ನು ಅಡಗಿಸಿ ಸಮಾಧಾನ ಹೇಳುವುದು ಸರಳ ಭಾಷೆಯಲ್ಲ. ಭಯ ಹೋಗುವುದು ಸಿಹಿ ಮಾತಿನಿಂದ ಅಲ್ಲ, ಅಂಕಿ ಮತ್ತು ತಾರೀಕಿನಿಂದ.

ಮೇಲಿನ ನೌಕರನ ಉದಾಹರಣೆಯನ್ನೇ ಇಟ್ಟುಕೊಂಡು ಅದೇ ಸೂಚನೆಯನ್ನು ಮೇ 5ರ ತಾರೀಕಿನಲ್ಲಿ ತಿಳಿಗನ್ನಡದಲ್ಲಿ ಹೀಗೆ ಬರೆಯಬಹುದು:

‘ನಮಸ್ಕಾರ. ನಿಮ್ಮ ಉಳಿತಾಯ ಖಾತೆಯಲ್ಲಿ ಏಪ್ರಿಲ್ ತಿಂಗಳು ಸರಾಸರಿ 10,000 ರೂಪಾಯಿ ಇರಬೇಕಿತ್ತು. ಇದ್ದದ್ದು 5,100 ರೂಪಾಯಿ. 4,900 ರೂಪಾಯಿ ಕಡಿಮೆಯಾಗಿದೆ.

ಈಗ ನಿಮ್ಮ ಖಾತೆಯಿಂದ ಹಣ ತೆಗೆದಿಲ್ಲ. ಸರಿಪಡಿಸಿಕೊಳ್ಳಲು ಜೂನ್ 5ರವರೆಗೆ ಸಮಯವಿದೆ. ಮೇ 6ರಿಂದ ಜೂನ್ 5ರವರೆಗಿನ ಸರಾಸರಿ 10,000 ರೂಪಾಯಿಗೆ ಬಂದರೆ ಯಾವ ಶುಲ್ಕವೂ ಇಲ್ಲ. ಬಾರದಿದ್ದರೆ 294 ರೂಪಾಯಿ ಶುಲ್ಕ ಮತ್ತು 52 ರೂಪಾಯಿ 92 ಪೈಸೆ ತೆರಿಗೆ, ಒಟ್ಟು 346 ರೂಪಾಯಿ 92 ಪೈಸೆ ತೆಗೆದುಕೊಳ್ಳುತ್ತೇವೆ. ತೆಗೆದುಕೊಂಡಾಗ ನಿಮಗೆ ತಿಳಿಸುತ್ತೇವೆ.

ಇದು ಸಾಲವಲ್ಲ. ಈ ಶುಲ್ಕದಿಂದ ನಿಮ್ಮ ಖಾತೆ ಮೈನಸ್ಸಿಗೆ ಹೋಗುವುದಿಲ್ಲ.

ಇಷ್ಟು ಹಣ ಇಡಲು ಆಗದಿದ್ದರೆ ಕನಿಷ್ಠ ಮೊತ್ತದ ಷರತ್ತು ಇಲ್ಲದ ಮೂಲ ಉಳಿತಾಯ ಖಾತೆಗೆ ಬದಲಾಯಿಸಿಕೊಳ್ಳಬಹುದು. ಪಾಸ್‌ಬುಕ್ಕಿನೊಂದಿಗೆ ನಿಮ್ಮ ಶಾಖೆಗೆ ಬನ್ನಿ. ಈ ವಿಷಯಕ್ಕಾಗಿ ನಾವು ಒಟಿಪಿ, ಪಿನ್ ಅಥವಾ ಕಾರ್ಡಿನ ನಂಬರು ಕೇಳುವುದಿಲ್ಲ.’

ಇಲ್ಲಿ ಶುಲ್ಕವನ್ನು ಮುಚ್ಚಿಟ್ಟಿಲ್ಲ, ಪೈಸೆಯವರೆಗೆ ಹೇಳಿದೆ. ಆದರೆ ಓದುವವರ ಕಣ್ಣಿಗೆ ಮೊದಲು ಬೀಳುವುದು ‘ಈಗ ಹಣ ತೆಗೆದಿಲ್ಲ’ ಎಂಬ ಮಾತು ಮತ್ತು ಒಂದು ತಾರೀಕು. ಶಿಲ್ಕು, ಸದರಿ, ಭರ್ತಿ ಎಂಬ ಕಚೇರಿ ಪದಗಳು ಹೋಗಿವೆ, ದಂಡ ಎಂಬುದು ಶುಲ್ಕವಾಗಿದೆ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಸರಿಪಡಿಸುವ ಅವಧಿಯನ್ನು ಎಲ್ಲ ಬ್ಯಾಂಕುಗಳೂ ಸೂಚನೆಯ ಮಾರನೆಯ ದಿನದಿಂದಲೇ ಎಣಿಸುತ್ತವೆ ಎಂದು ಭಾವಿಸಬಾರದು. ಕೆಲವು ಕಡೆ ಮುಂದಿನ ಪೂರ್ತಿ ತಿಂಗಳ ಸರಾಸರಿಯನ್ನು ನೋಡಬಹುದು, ಕೆಲವು ಕಡೆ ಮೂರು ತಿಂಗಳಿಗೊಮ್ಮೆ ಲೆಕ್ಕ ಹಾಕಬಹುದು. ಆದ್ದರಿಂದ ಸಂಘದವರು ಕನ್ನಡದಲ್ಲಿ ವಿವರಿಸುವಾಗ ತಾರೀಕನ್ನು ಊಹಿಸಿ ಹೇಳದೆ, ‘ಸರಾಸರಿಯನ್ನು ಯಾವ ದಿನದಿಂದ ಯಾವ ದಿನದವರೆಗೆ ನೋಡುತ್ತೀರಿ’ ಎಂದು ಶಾಖೆಯಲ್ಲಿ ಕೇಳಿಸುವುದು ಒಳ್ಳೆಯದು. ಕನ್ನಡದ ವಿವರಣೆ ಮೂಲ ಸೂಚನೆಯ ಜೊತೆಗಿರಬೇಕು, ಅದರ ಬದಲಿಗೆ ಅಲ್ಲ. ದೂರು ಕೊಡುವ ಸಂದರ್ಭ ಬಂದರೆ ಲೆಕ್ಕಕ್ಕೆ ಬರುವುದು ಮೂಲ ಸೂಚನೆ ಮತ್ತು ಅದರ ತಾರೀಕು.

ಬದಲಾಯಿಸಿಕೊಳ್ಳುವ ದಾರಿ

ಪ್ರತಿ ತಿಂಗಳೂ ಊರಿಗೆ ಹಣ ಕಳುಹಿಸುವ ಮೇಲಿನ ನೌಕರನಂಥವರಿಗೆ 10,000 ರೂಪಾಯಿಯನ್ನು ಸದಾ ಕಟ್ಟಿಹಾಕಿಡುವುದು ಸಾಧ್ಯವಾಗದ ಮಾತು. ಒಮ್ಮೆ ಶುಲ್ಕ ತಪ್ಪಿಸಿಕೊಂಡರೂ ಮುಂದಿನ ತಿಂಗಳು ಅದೇ ಕಥೆ. ಅವರಿಗೆ ಸರಿಯಾದ ದಾರಿ ಮೂಲ ಉಳಿತಾಯ ಖಾತೆ. 2012ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೂ ಇದನ್ನು ಕಡ್ಡಾಯ ಮಾಡಿದೆ. ಬಡವರಿಗೆ ಮಾತ್ರ ಎಂಬ ನಿರ್ಬಂಧ ಇದಕ್ಕಿಲ್ಲ, ಯಾರು ಬೇಕಾದರೂ ಕೇಳಬಹುದು. ಎಟಿಎಂ ಕಾರ್ಡೂ ಸಿಗುತ್ತದೆ. ತಿಂಗಳಿಗೆ ಕಡಿಮೆಯೆಂದರೂ ನಾಲ್ಕು ಬಾರಿ ಶುಲ್ಕವಿಲ್ಲದೆ ಹಣ ತೆಗೆಯಬಹುದು. ಇದರ ಮಿತಿಯೆಂದರೆ ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರುವಂತಿಲ್ಲ. ನಾಲ್ಕಕ್ಕಿಂತ ಹೆಚ್ಚು ಬಾರಿ ಹಣ ತೆಗೆಯುವವರು ಅದಕ್ಕೆ ಏನು ದರ ಎಂದು ಮೊದಲೇ ಕೇಳಿಕೊಳ್ಳಬೇಕು.

ಸಂಬಳದ ಖಾತೆ ಬದಲಾಗಿದ್ದರೆ ಹೊಸ ಮಾಲೀಕರು ಅದೇ ಬ್ಯಾಂಕಿನ ಮೂಲಕ ಸಂಬಳ ಕೊಡುತ್ತಾರೆಯೇ ಎಂದು ವಿಚಾರಿಸಬಹುದು. ಎರಡು ಮೂರು ಕಡೆ ಖಾತೆ ಇರುವವರು ಬೇಡದ್ದನ್ನು ಮುಚ್ಚಬಹುದು. ಆದರೆ ಮುಚ್ಚುವ ಮೊದಲು ಅಡುಗೆ ಅನಿಲದ ಸಹಾಯಧನ, ಪಿಂಚಣಿ, ವಿಮೆಯ ಕಂತು ಅಥವಾ ಸಂಘದ ವಂತಿಗೆ ಆ ಖಾತೆಗೆ ಜೋಡಿಸಿದೆಯೇ ಎಂದು ನೋಡಿಕೊಳ್ಳಬೇಕು. 346 ರೂಪಾಯಿ ಉಳಿಸಲು ಹೋಗಿ ವಿಮಾ ಪಾಲಿಸಿ ರದ್ದಾಗುವಂತೆ ಆಗಬಾರದು.

ಸೂಚನೆ ಕೊಡದೆ, ಅಥವಾ ಕೊಟ್ಟು ಒಂದು ತಿಂಗಳು ಕಳೆಯುವ ಮೊದಲೇ ಹಣ ಮುರಿದುಕೊಂಡಿದ್ದರೆ ಪಾಸ್‌ಬುಕ್ಕಿನಲ್ಲಿ ಶುಲ್ಕ ನಮೂದಾದ ದಿನವನ್ನೂ ಸೂಚನೆಯ ದಿನವನ್ನೂ ಹೋಲಿಸಿ ನೋಡಿದರೆ ಗೊತ್ತಾಗುತ್ತದೆ. ಅಂಥ ಸಂದರ್ಭದಲ್ಲಿ ಶಾಖೆಗೆ ಲಿಖಿತ ದೂರು ಕೊಟ್ಟು ಅದರ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನಕರವಾಗಿರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ರಿಗೆ ಯಾವ ಖರ್ಚೂ ಇಲ್ಲದೆ ದೂರು ಸಲ್ಲಿಸಬಹುದು.

‘ಕನಿಷ್ಠ ಮೊತ್ತ ಇಲ್ಲದ್ದರಿಂದ ಇಂದು ರಾತ್ರಿ ಖಾತೆ ಬಂದ್ ಆಗುತ್ತದೆ, ಈ ಕೊಂಡಿಯನ್ನು ಒತ್ತಿ’ ಎಂಬಂಥ ಸಂದೇಶ ಬಂದರೆ ಅದನ್ನು ಮುಟ್ಟಲೇಬಾರದು. ನಿಜವಾದ ಸೂಚನೆ ಒಂದು ತಿಂಗಳ ಸಮಯ ಕೊಡುತ್ತದೆ, ಒಂದು ರಾತ್ರಿಯದ್ದಲ್ಲ. ಈ ವ್ಯತ್ಯಾಸ ತಿಳಿದಿದ್ದರೆ ವಂಚಕರ ಸಂದೇಶವನ್ನು ಗುರುತಿಸುವುದೂ ಸುಲಭ.

ಮುಂಬಯಿಯ ಕನ್ನಡ ಸಂಘಗಳಲ್ಲಿ ಬ್ಯಾಂಕುಗಳಿಂದ ನಿವೃತ್ತರಾದ ಹಿರಿಯರಿಗೆ ಕೊರತೆಯಿಲ್ಲ. ಮೇಲಿನ ಮಾದರಿಯನ್ನು ಮೊತ್ತ ಮತ್ತು ತಾರೀಕಿನ ಜಾಗ ಖಾಲಿ ಬಿಟ್ಟು ಒಂದು ಹಾಳೆಯಲ್ಲಿ ಅಚ್ಚುಹಾಕಿಸಿ ಸಂಘದ ಕಚೇರಿಯಲ್ಲಿ ಇಟ್ಟರೆ, ಸಂದೇಶ ಹಿಡಿದುಕೊಂಡು ಬಂದವರ ಎದುರಿಗೇ ಆ ಜಾಗಗಳನ್ನು ತುಂಬಿ ಕೊಡಬಹುದು. ಮೂಲ ಸೂಚನೆಯಲ್ಲಿ ಸಿಗದೆ ಯಾವ ಜಾಗ ಖಾಲಿ ಉಳಿಯುತ್ತದೋ, ಶಾಖೆಗೆ ಹೋಗಿ ಕೇಳಬೇಕಾದ ಪ್ರಶ್ನೆಯೂ ಅದೇ.